ಮಧ್ಯಾಂಕ ಮತದಾರನೋ, ರೆಂಟ್ ಸೀಕಿಂಗೋ?

ಅರ್ಥಶಾಸ್ತ್ರ ಪರೀಕ್ಷೆಯ ಪ್ರಶ್ನೆಯಲ್ಲಿ ಜನ ಮತ ಹಾಕುತ್ತಿದ್ದಾರೋ, ಸವಲತ್ತಿಗಾಗಿ ಯಾರೋ ದುಡ್ಡು ಸುರಿಯುತ್ತಿದ್ದಾರೋ ಎಂದು ಮೊದಲು ನೋಡಿ. ಮತವಾದರೆ ಮಧ್ಯಾಂಕ ಮತದಾರ, ದುಡ್ಡಾದರೆ ರೆಂಟ್ ಸೀಕಿಂಗ್.

ಕೋಲಾರದ ಒಂದು ಊರು. ಕೆರೆ ಹೂಳೆತ್ತಲು ಐವರು ಬಯಸುವ ಖರ್ಚು 2, 4, 5, 9, 30 ಲಕ್ಷ ಎಂದುಕೊಳ್ಳಿ. ಎರಡೆರಡು ಮೊತ್ತ ಎದುರುಬದುರಾಗಿ ಮತಕ್ಕೆ ಬಂದರೆ ಗೆಲ್ಲುವುದು 5, ಅಂದರೆ ಸಾಲಿನ ನಟ್ಟನಡುವೆ ನಿಲ್ಲುವ ಮಧ್ಯಾಂಕ ಮತದಾರನ ಮೊತ್ತ. ಅದಕ್ಕೆ 9ರ ಎದುರು ಮೊದಲ ಮೂವರ ಮತ, 4ರ ಎದುರು ಕೊನೆಯ ಮೂವರ ಮತ. ಇಲ್ಲಿ ಸರಾಸರಿ ತೆಗೆದು 10 ಎಂದು ಬರೆದವರಿಗೆ ಅಂಕ ಹೋಗುತ್ತದೆ. 30 ಇದ್ದದ್ದು 300 ಆದರೂ ಉತ್ತರ 5 ಲಕ್ಷವೇ. ಆದರೆ ವಿಷಯ ಒಂದೇ ಇರಬೇಕು, ತನ್ನಿಷ್ಟದ ಮೊತ್ತದಿಂದ ದೂರ ಹೋದಷ್ಟೂ ಪ್ರತಿಯೊಬ್ಬನ ಒಲವು ಕುಗ್ಗಬೇಕು. ಕೆರೆಯ ಜೊತೆ ರಸ್ತೆಯನ್ನೂ ಸೇರಿಸಿದರೆ ಈ ಖಾತ್ರಿ ಉಳಿಯದು.

ಅದೇ ಕೆರೆಯಲ್ಲಿ ಮೀನು ಹಿಡಿಯುವ ಏಕಸ್ವಾಮ್ಯದ ಹಕ್ಕಿನಿಂದ 8 ಲಕ್ಷ ಲಾಭವಿದೆ, ಅದಕ್ಕಾಗಿ ಇಬ್ಬರು ಓಡಾಟ, ವಕೀಲರು, ಶಿಫಾರಸು ಅಂತ ತಲಾ 3 ಲಕ್ಷ ಕಳೆದರು ಎನ್ನಿ. ಇದು ರೆಂಟ್ ಸೀಕಿಂಗ್, ಅಂದರೆ ಹೊಸದೇನನ್ನೂ ಉತ್ಪಾದಿಸದೆ ಸವಲತ್ತು ಗಿಟ್ಟಿಸಲು ಖರ್ಚು ಮಾಡುವುದು. ಅರ್ಥಶಾಸ್ತ್ರಜ್ಞ ಗಾರ್ಡನ್ ಟುಲಾಕ್ 1967ರಲ್ಲಿ ವಿವರಿಸಿದ ನಷ್ಟ ಇದೇ. ಹೆಸರಿಟ್ಟವರು ಅರ್ಥಶಾಸ್ತ್ರಜ್ಞೆ ಆನ್ ಕ್ರೂಗರ್, 1974ರಲ್ಲಿ. ಒಂದು ಮೀನೂ ಹೆಚ್ಚಲಿಲ್ಲ, 6 ಲಕ್ಷದ ದುಡಿಮೆ ಪೋಲಾಯಿತು. ಸೋತವನ 3 ಲಕ್ಷವನ್ನು ಬಿಡಬೇಡಿ. ಲಂಚದ ಹಣ ಮಾತ್ರ ಕೈ ಬದಲಾಗುತ್ತದಷ್ಟೇ. ಅದನ್ನು ಪಡೆಯುವ ಕುರ್ಚಿಗಾಗಿ ಪೈಪೋಟಿ ನಡೆದರೆ ಆ ಖರ್ಚೂ ಪೋಲೇ.