ಡಬಲ್ ಎ ಸೆಲ್: ರೀಚಾರ್ಜ್ ಮಾಡೋದಾ, ಬಿಸಾಡೋದಾ? ಐದು ವರ್ಷದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೀಚಾರ್ಜ್ ಸೆಲ್‌ಗೆ. ಆದರೆ ಮನೆಯ ಎಲ್ಲ ವಸ್ತುವಿಗೂ ಅಲ್ಲ. ಸಿಕ್ಕಿದ ಚಾರ್ಜರ್ ಜೊತೆಗಂತೂ ಖಂಡಿತ ಅಲ್ಲ. ಹಲವು ವರ್ಷ ಎರಡೂ ಥರದ ಸೆಲ್‌ಗಳನ್ನು ಒಂದೇ ಮನೆಯಲ್ಲಿ ಬಳಸಿದ್ದೇನೆ. ಎಷ್ಟು ದುಡ್ಡು ಉಳಿಯುತ್ತದೆ ಅನ್ನುವುದು ಸೆಲ್ ಹಾಕುವ ವಸ್ತುವಿನ ಹಸಿವಿನ ಮೇಲೆ ನಿಂತಿದೆ. ಚಾರ್ಜರ್ ಸರಿ ಇಲ್ಲದಿದ್ದರೆ ಉಳಿದದ್ದೂ ಕೈ ತಪ್ಪುತ್ತದೆ.

ಬೆಲೆ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ ಒಂದು ಒಳ್ಳೆಯ ಅಲ್ಕಲೈನ್ ಸೆಲ್, ಅಂದರೆ ಬಳಸಿ ಬಿಸಾಡುವ ಸೆಲ್‌ನ ಬೆಲೆಯನ್ನು 1 ಅಂತ ಇಟ್ಟುಕೊಳ್ಳೋಣ. ಆ ಲೆಕ್ಕದಲ್ಲಿ ಒಂದು ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಅಂದರೆ ನಾವು ಮಾಮೂಲಿಯಾಗಿ ರೀಚಾರ್ಜ್ ಸೆಲ್ ಅನ್ನುವುದು, 4 ಆಗುತ್ತದೆ ಅಂದುಕೊಳ್ಳಿ. ನಾಲ್ಕು ಸೆಲ್ ಹಿಡಿಯುವ ಒಳ್ಳೆಯ ಚಾರ್ಜರ್‌ಗೆ 16 ಇಡೋಣ. ನಿಮ್ಮಲ್ಲಿ ಬೆಲೆ ಬೇರೆ ಇದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ, ದಾರಿ ಇದೇ.

ಮೊದಲು ಹೆಚ್ಚು ಹಸಿವಿನ ವಸ್ತು. ದಿನಾ ಸಂಜೆ ಮಕ್ಕಳು ಆಡುವ ವಿಡಿಯೋ ಗೇಮ್ ಕಂಟ್ರೋಲರ್ ತೆಗೆದುಕೊಳ್ಳಿ. ಅದಕ್ಕೆ ಎರಡು ಸೆಲ್ ಬೇಕು, ಎರಡು ವಾರಕ್ಕೊಮ್ಮೆ ಬದಲಿಸಬೇಕು. ವರ್ಷಕ್ಕೆ 52 ಅಲ್ಕಲೈನ್ ಸೆಲ್ ಆಯಿತು. ಐದು ವರ್ಷಕ್ಕೆ 260. ಅದೇ ರೀಚಾರ್ಜ್ ಆದರೆ ಒಳಗೆ ಎರಡು, ಚಾರ್ಜ್ ಆಗಿ ಕಾಯುತ್ತಾ ಇನ್ನೆರಡು. ನಾಲ್ಕು ಸೆಲ್‌ಗೆ 16, ಚಾರ್ಜರ್‌ಗೆ 16, ಒಟ್ಟು 32. ಎಂಟು ತಿಂಗಳು ತುಂಬುವ ಮೊದಲೇ ಹಾಕಿದ ದುಡ್ಡು ವಾಪಸ್. ಮಧ್ಯದಲ್ಲಿ ಒಮ್ಮೆ ನಾಲ್ಕೂ ಸೆಲ್ ಹೊಸದಾಗಿ ಕೊಂಡರೂ ಐದು ವರ್ಷಕ್ಕೆ 48 ಅಷ್ಟೆ. ಕರೆಂಟ್ ಖರ್ಚನ್ನು ಮರೆತುಬಿಡಬಹುದು. ಒಂದು ಯೂನಿಟ್‌ನಲ್ಲಿ ನೂರಕ್ಕೂ ಹೆಚ್ಚು ಸೆಲ್ ಚಾರ್ಜ್ ಆಗುತ್ತವೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಈ ಕಂಟ್ರೋಲರ್‌ನಲ್ಲಿ ಪ್ರತಿ ಸೆಲ್‌ಗೂ ವರ್ಷಕ್ಕೆ ಬರೀ 13 ಸಲ ಚಾರ್ಜ್ ಬೀಳುತ್ತದೆ. ಪ್ಯಾಕೆಟ್ ಮೇಲೆ ಸಾವಿರ, ಎರಡು ಸಾವಿರ ಸಲ ಚಾರ್ಜ್ ಮಾಡಬಹುದು ಅಂತ ದೊಡ್ಡದಾಗಿ ಬರೆದಿರುತ್ತಾರೆ. ಈ ವೇಗದಲ್ಲಿ ಸಾವಿರ ಮುಟ್ಟಲು ಎಪ್ಪತ್ತು ವರ್ಷ ದಾಟುತ್ತದೆ! ಅಷ್ಟರೊಳಗೆ ಸೆಲ್ ವಯಸ್ಸಾಗಿ ಹೋಗಿರುತ್ತದೆ, ಇಲ್ಲವೇ ಕೆಟ್ಟ ಚಾರ್ಜರ್ ಅದನ್ನು ಮುಗಿಸಿರುತ್ತದೆ. ಆ ದೊಡ್ಡ ಸಂಖ್ಯೆ ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಈಗ ಗೋಡೆ ಗಡಿಯಾರ. ಒಂದು ಸೆಲ್ ಹಾಕಿದರೆ ವರ್ಷ ಆರಾಮಾಗಿ ಓಡುತ್ತದೆ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಐದು ವರ್ಷಕ್ಕೆ ಅಲ್ಕಲೈನ್ ಖರ್ಚು ಹೆಚ್ಚೆಂದರೆ 5. ರೀಚಾರ್ಜ್ ಸೆಲ್ ಒಂದಕ್ಕೇ 4. ಅದು ಐದು ವರ್ಷ ಚೆನ್ನಾಗಿದ್ದರೂ ಉಳಿಯುವುದು ಒಂದೇ ಒಂದು ಸೆಲ್‌ನ ದುಡ್ಡು. ಅಷ್ಟಕ್ಕೆ ಸ್ಟೂಲ್ ಹತ್ತಿ ಇಳಿಯುವ ಕೆಲಸ ಬೇರೆ. ಗಡಿಯಾರಕ್ಕೆ ಅಲ್ಕಲೈನ್ ಕೂಡ ಬೇಕಿಲ್ಲ. ಅದಕ್ಕಿಂತ ಅಗ್ಗದ ಜಿಂಕ್ ಕಾರ್ಬನ್ ಸೆಲ್ ಸಾಕು. ಅಷ್ಟು ಸಣ್ಣ ಕರೆಂಟ್ ಕೊಡುವುದು ಅದಕ್ಕೆ ಕಷ್ಟವೇ ಅಲ್ಲ. ಟಿವಿ ರಿಮೋಟ್ ಕೂಡ ಇದೇ ಜಾತಿ.

ಇವೆರಡರ ನಡುವೆ ಬರುವುದು ಟಾರ್ಚ್, ಮೌಸ್, ಆಟದ ಕಾರು. ಇವುಗಳಿಗೆ ಒಂದು ಗೆರೆ ಬೇಕು. ಎಂಟು ರೀಚಾರ್ಜ್ ಸೆಲ್ ಇರುವ ಮನೆಯಲ್ಲಿ ಚಾರ್ಜರ್ ಬೆಲೆ ಹಂಚಿದರೆ ಸೆಲ್‌ಗೆ 2 ಬೀಳುತ್ತದೆ. ಒಳಗಿರುವ ಸೆಲ್ 4, ಕಾಯುವ ಸೆಲ್ 4, ಚಾರ್ಜರ್ ಪಾಲು ಎರಡಕ್ಕೂ ಸೇರಿ 4. ಒಟ್ಟು 12. ಐದು ವರ್ಷದಲ್ಲಿ ಇಷ್ಟು ವಾಪಸ್ ಬರಬೇಕಾದರೆ ಆ ಒಂದು ಜಾಗ ವರ್ಷಕ್ಕೆ ಎರಡೂವರೆ ಅಲ್ಕಲೈನ್ ಸೆಲ್ ತಿನ್ನಬೇಕು. ವರ್ಷಕ್ಕೆ ಮೂರು ಬೇಕಾಗುವ ಕಡೆ ನಾನು ರೀಚಾರ್ಜ್ ಹಾಕುತ್ತೇನೆ. ಒಂದು ಸಾಕಾಗುವ ಕಡೆ ಹಾಕುವುದಿಲ್ಲ. ಎರಡು ಬೇಕಾದ ಕಡೆ ದುಡ್ಡಿನ ದೃಷ್ಟಿಯಿಂದ ಯಾವುದಾದರೂ ಒಂದೇ.

ಇನ್ನು ಚಾರ್ಜರ್ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಲೇಬೇಕು, ಯಾಕೆಂದರೆ ನನ್ನ ಮೊದಲ ಸೆಟ್ ಹಾಳಾಗಿದ್ದು ಇಲ್ಲೇ. ನಾಲ್ಕು ಸೆಲ್ ಮತ್ತು ಚಾರ್ಜರ್ ಒಂದೇ ಪ್ಯಾಕ್‌ನಲ್ಲಿ ಅಗ್ಗಕ್ಕೆ ಬಂದಿತ್ತು. ಮೊದಮೊದಲು ಚೆನ್ನಾಗಿತ್ತು. ವರ್ಷದೊಳಗೆ ಕಂಟ್ರೋಲರ್ ಎರಡು ವಾರದ ಬದಲು ಮೂರು ನಾಲ್ಕು ದಿನಕ್ಕೇ ಆಫ್ ಆಗಲು ಶುರುವಾಯಿತು. ಒಂದು ದಿನ ಆಫ್ ಆದ ತಕ್ಷಣ ಎರಡೂ ಸೆಲ್ ತೆಗೆದು ಮಲ್ಟಿಮೀಟರ್ ಇಟ್ಟು ನೋಡಿದೆ. ಒಂದರಲ್ಲಿ 1.2 ವೋಲ್ಟ್ ಇತ್ತು, ಅಂದರೆ ಇನ್ನೂ ಗಟ್ಟಿಯಾಗಿತ್ತು. ಇನ್ನೊಂದರಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಒಂದು ಸೆಲ್ ಸತ್ತು ಜೋಡಿಯನ್ನೇ ಕೆಳಗೆ ಎಳೆಯುತ್ತಿತ್ತು.

ಕಾರಣ ಚಾರ್ಜರ್‌ನಲ್ಲಿತ್ತು. ಅದು ಜೋಡಿ ಚಾರ್ಜರ್. ಎರಡು ಸೆಲ್‌ಗೆ ಒಂದೇ ಲೈಟು, ಎರಡಕ್ಕೂ ಒಂದೇ ಕರೆಂಟು. ಸೆಲ್ ತುಂಬಿದೆಯಾ ಅಂತ ಅದು ನೋಡುವುದೇ ಇಲ್ಲ. ಒಳಗಿರುವ ಟೈಮರ್ ಇಷ್ಟು ಗಂಟೆ ಅಂತ ಎಣಿಸಿ ನಿಲ್ಲಿಸುತ್ತದೆ. ಒಂದು ಸೆಲ್ ಅರ್ಧ ತುಂಬಿದ್ದು ಇನ್ನೊಂದು ಪೂರ್ತಿ ಖಾಲಿ ಇದ್ದರೆ, ಅರ್ಧ ತುಂಬಿದ್ದರ ಮೇಲೆ ಗಂಟೆಗಟ್ಟಲೆ ಸುಮ್ನೆ ಕರೆಂಟ್ ಹರಿಯುತ್ತದೆ. ಆ ಕರೆಂಟೆಲ್ಲ ಶಾಖವಾಗುತ್ತದೆ. ಸೆಲ್ ಒಳಗಿನ ತೇವ ಕಡಿಮೆಯಾಗುತ್ತಾ ಅದು ಹಿಡಿದಿಡುವ ಚಾರ್ಜ್ ಇಳಿಯುತ್ತದೆ. ಮುಂದಿನ ಸಲ ಬಳಸುವಾಗ ಈ ದುರ್ಬಲ ಸೆಲ್ ಮೊದಲು ಖಾಲಿ. ಆದರೆ ಜೊತೆಯ ಸೆಲ್ ಇನ್ನೂ ಕರೆಂಟ್ ತಳ್ಳುತ್ತಲೇ ಇರುತ್ತದೆ. ಆಗ ಖಾಲಿ ಸೆಲ್‌ನ ಪ್ಲಸ್ ಮೈನಸ್ ತಿರುಗುಮುರುಗಾಗುವವರೆಗೂ ಹೋಗಬಹುದು. ಹೀಗೆ ಪ್ರತಿ ಸುತ್ತಿನಲ್ಲೂ ದುರ್ಬಲವಾದದ್ದು ಇನ್ನಷ್ಟು ದುರ್ಬಲ.

ಒಳ್ಳೆಯ ಚಾರ್ಜರ್ ಪ್ರತಿ ಸೆಲ್ ಅನ್ನೂ ಬೇರೆಬೇರೆಯಾಗಿ ನೋಡುತ್ತದೆ. ಈ ಸೆಲ್ ತುಂಬಿದಾಗ ವೋಲ್ಟೇಜ್ ಏರುವುದು ನಿಂತು ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ. ಆ ಚಿಕ್ಕ ಇಳಿತವನ್ನು ಹಿಡಿದು ಚಾರ್ಜರ್ ಆ ಒಂದು ಸೆಲ್‌ಗೆ ಮಾತ್ರ ಕರೆಂಟ್ ನಿಲ್ಲಿಸುತ್ತದೆ. ಕರೆಂಟ್ ತೀರಾ ಕಡಿಮೆ ಇಟ್ಟರೆ ಈ ಇಳಿತ ಕಾಣದೇ ಹೋಗುವುದೂ ಉಂಟು. ಹಾಗಾಗಿ 2000 ಎಂಎಎಚ್ ಚಾರ್ಜ್ ಹಿಡಿಯುವ ಸೆಲ್‌ಗೆ ನಾನು ಸಾವಿರ ಮಿಲಿಆಂಪ್ ಇಡುತ್ತೇನೆ, ಎರಡರಿಂದ ಎರಡೂವರೆ ಗಂಟೆಯಲ್ಲಿ ತುಂಬುತ್ತದೆ. ಕೊನೆಯಲ್ಲಿ ಸೆಲ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಚಾರ್ಜರ್ ನಿಲ್ಲಿಸುವುದನ್ನು ತಪ್ಪಿಸಿಕೊಂಡಿದೆ ಅಂತ ಅರ್ಥ.

ಕೊಳ್ಳುವಾಗ ಜೋಡಿ ಚಾರ್ಜರ್ ಗುರುತಿಸಲು ಒಂದೇ ಪ್ರಶ್ನೆ ಸಾಕು. ಒಂದೇ ಒಂದು ಸೆಲ್ ಹಾಕಿದರೆ ಚಾರ್ಜ್ ಆಗುತ್ತದಾ? ಇಲ್ಲ, ಎರಡು ಹಾಕಲೇಬೇಕು ಅಂದರೆ ಬಿಟ್ಟುಬಿಡಿ. ಎಷ್ಟೇ ಅಗ್ಗವಾದರೂ ಅದು ಪ್ರತಿ ವರ್ಷ ನಿಮ್ಮಿಂದ ಹೊಸ ಸೆಲ್ ಕೊಳ್ಳಿಸುತ್ತದೆ. ಮೇಲಿನ ಲೆಕ್ಕದಲ್ಲಿ ನಾಲ್ಕು ಸೆಲ್ ವರ್ಷವರ್ಷವೂ ಬದಲಿಸಿದರೆ ಐದು ವರ್ಷಕ್ಕೆ ಸೆಲ್‌ಗೇ 80 ಆಗುತ್ತದೆ. ಕಂಟ್ರೋಲರ್‌ಗೆ ಆಗಲೂ ಲಾಭವೇ. ಆದರೆ ನಡುವಿನ ಹಸಿವಿನ ವಸ್ತುಗಳಲ್ಲಿ ಪೂರ್ತಿ ನಷ್ಟ.

ಸೆಲ್ ಆರಿಸುವುದು ಇದಕ್ಕಿಂತ ಸುಲಭ. ಹಳೆಯ ರೀಚಾರ್ಜ್ ಸೆಲ್‌ಗಳು ಡ್ರಾಯರ್‌ನಲ್ಲಿ ಸುಮ್ನೆ ಇಟ್ಟರೂ ಕೆಲವೇ ವಾರದಲ್ಲಿ ಸೊರಗುತ್ತಿದ್ದವು. 2005ರಲ್ಲಿ ಸ್ಯಾನ್ಯೋ ಕಂಪನಿಯ ಎನಿಲೂಪ್ ಬಂದ ಮೇಲೆ ಆ ತೊಂದರೆ ಬಹಳ ಮಟ್ಟಿಗೆ ಹೋಯಿತು. ಈಗ ಈ ಥರದ ಸೆಲ್ ಹಲವು ಕಂಪನಿಗಳಲ್ಲಿ ಸಿಗುತ್ತದೆ. ಕೊಂಡ ದಿನವೇ ಬಳಸಲು ಸಿದ್ಧ, ಮೊದಲೇ ಚಾರ್ಜ್ ಆಗಿದೆ ಅಂತ ಪ್ಯಾಕೆಟ್ ಮೇಲೆ ಇರುತ್ತದೆ. ವರ್ಷ ಬಿಟ್ಟರೂ ಹೆಚ್ಚಿನ ಚಾರ್ಜ್ ಉಳಿದಿರುತ್ತದೆ. 2500 ಎಂಎಎಚ್ ಅಂತ ಆಸೆ ಹುಟ್ಟಿಸುವ ಸೆಲ್‌ಗಿಂತ ನನಗೆ 2000ದ್ದೇ ಇಷ್ಟ. ದೊಡ್ಡ ಸಂಖ್ಯೆಯವು ಸಾಮಾನ್ಯವಾಗಿ ಬೇಗ ಸುಸ್ತಾಗುತ್ತವೆ.

ವೋಲ್ಟೇಜ್ ಕಡಿಮೆ ಅಲ್ವಾ ಅಂತ ಕೇಳುವವರು ಇದ್ದಾರೆ. ಹೌದು, 1.5 ಜಾಗದಲ್ಲಿ 1.2. ಆದರೆ ಅಲ್ಕಲೈನ್ ಕೂಡ ಅರ್ಧ ಖರ್ಚಾಗುವ ಹೊತ್ತಿಗೆ ಹತ್ತಿರಹತ್ತಿರ ಅಲ್ಲಿಗೇ ಇಳಿದಿರುತ್ತದೆ. ಬಹುಪಾಲು ವಸ್ತುಗಳು ಅದಕ್ಕಿಂತ ಕೆಳಗೂ ಓಡುವಂತೆ ಮಾಡಿರುತ್ತಾರೆ. ತೊಂದರೆ ಬರುವುದು ಬ್ಯಾಟರಿ ಗುರುತಿನಲ್ಲಿ. ರೀಚಾರ್ಜ್ ಸೆಲ್ ಪೂರ್ತಿ ತುಂಬಿದ್ದರೂ ಅದು ಅರ್ಧ ತೋರಿಸಬಹುದು, ಆಮೇಲೆ ಇದ್ದಕ್ಕಿದ್ದಂತೆ ಆಫ್ ಆಗಬಹುದು. ನಾಲ್ಕು ಸೆಲ್ ಹಾಕುವ ಬಾಗಿಲಿನ ಎಲೆಕ್ಟ್ರಾನಿಕ್ ಲಾಕ್‌ಗೆ, ಹೊಗೆ ಅಲಾರಂಗೆ ನಾನು ರೀಚಾರ್ಜ್ ಹಾಕುವುದಿಲ್ಲ. ಅವುಗಳ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ.

ಅಲ್ಕಲೈನ್ ಲೆಕ್ಕದಲ್ಲಿ ಯಾರೂ ಬರೆಯದ ಒಂದು ಖರ್ಚು ಇದೆ: ಸೋರಿಕೆ. ಖಾಲಿಯಾದ ಅಲ್ಕಲೈನ್ ಸೆಲ್ ಅನ್ನು ಒಳಗೇ ಬಿಟ್ಟರೆ ತಿಂಗಳುಗಳ ಮೇಲೆ ಮೈನಸ್ ತುದಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಒಳಗಿನ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹೊರಗೆ ಬಂದು ಗಾಳಿಗೆ ಹೀಗಾಗುವುದು. ನನ್ನ ಒಂದು ಕೀಬೋರ್ಡ್‌ನಲ್ಲಿ ಸ್ಪ್ರಿಂಗ್ ಹಸಿರಾಗಿ, ಮುಟ್ಟಿದರೆ ಮುರಿಯುವಂತಾಗಿತ್ತು. ಕಡಿಮೆ ಇದ್ದಾಗ ಕೈಗೆ ಗ್ಲೌಸ್ ಹಾಕಿ, ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿದರೆ ಸರಿಹೋಗುತ್ತದೆ. ತಂತಿಯವರೆಗೆ ಹೋಗಿದ್ದರೆ ವಸ್ತುವೇ ಹೋದಂತೆ. ರೀಚಾರ್ಜ್ ಸೆಲ್ ಹೀಗೆ ಸೋರುವುದು ಅಪರೂಪ. ಒಂದು ಕೀಬೋರ್ಡ್ ಉಳಿದರೆ ಚಾರ್ಜರ್ ದುಡ್ಡು ಅಲ್ಲೇ ಬಂತು. ಗಡಿಯಾರ, ರಿಮೋಟ್‌ಗಳಿಗೆ ಬಿಸಾಡುವ ಸೆಲ್ ಹಾಕುವವರು ನಿಂತ ದಿನವೇ ತೆಗೆಯಿರಿ.

ನಮ್ಮ ಮನೆಯಲ್ಲಿ ಈಗ ಎಂಟು ರೀಚಾರ್ಜ್ ಸೆಲ್ ಇವೆ. ಒಟ್ಟಿಗೆ ಕೊಂಡ ಜೋಡಿಯ ಮೇಲೆ ಒಂದೇ ಅಕ್ಷರ ಮತ್ತು ಕೊಂಡ ವರ್ಷ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಜೋಡಿ ಯಾವತ್ತೂ ಒಡೆಯುವುದಿಲ್ಲ. ಚಾರ್ಜರ್‌ನಲ್ಲಿ ಸೆಲ್ ಎಷ್ಟು ಹಿಡಿಯುತ್ತದೆ ಅಂತ ಅಳೆಯುವ ಸೌಲಭ್ಯ ಇದೆ. ಅಳತೆ 1200 ಎಂಎಎಚ್‌ಗೆ ಇಳಿದ ಜೋಡಿ ಆಟದ ಕಾರಿಗೆ ಹೋಗುತ್ತದೆ, ಅಲ್ಲೂ ಆಗದಿದ್ದರೆ ಇ-ತ್ಯಾಜ್ಯದ ಡಬ್ಬಿಗೆ.

ಬಜೆಟ್ ಚಿಕ್ಕದಿದ್ದರೆ ಚಾರ್ಜರ್‌ನಲ್ಲಿ ಉಳಿಸಲು ಹೋಗಬೇಡಿ, ಸೆಲ್ ಸಂಖ್ಯೆಯಲ್ಲಿ ಉಳಿಸಿ. ನಾಲ್ಕೇ ಸೆಲ್ ಕೊಳ್ಳಿ, ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸೆಲ್ ತಿನ್ನುವ ಒಂದೇ ವಸ್ತುವಿಗೆ ಹಾಕಿ. ಅದು ಉಳಿಸಿದ ದುಡ್ಡಿನಲ್ಲಿ ಮುಂದಿನ ನಾಲ್ಕು ಕೊಳ್ಳಬಹುದು. ಚಾರ್ಜ್ ಮಾಡಿಡುವ ಅಭ್ಯಾಸವೇ ಇಲ್ಲ, ಖಾಲಿಯಾದಾಗ ತಕ್ಷಣ ಹೊಸದು ಬೇಕು ಅನ್ನುವವರು, ಮನೆಯಲ್ಲಿ ಗಡಿಯಾರ ರಿಮೋಟ್ ಬಿಟ್ಟರೆ ಬೇರೇನೂ ಇಲ್ಲದವರು, ಅಲ್ಕಲೈನ್ ಕೊಂಡೇ ಹಾಯಾಗಿರಬಹುದು. ಗಡಿಯಾರ ರಿಮೋಟ್ ಮಾತ್ರ ಇರುವವರಿಗಂತೂ ಐದು ವರ್ಷಕ್ಕೆ ಆಗುವ ಖರ್ಚು ಒಂದು ಚಾರ್ಜರ್‌ನಷ್ಟೂ ಇಲ್ಲ.