ಅಲರ್ಟ್ RESOLVED ಅಂದಿತು, ಬುಕಿಂಗ್ ನಿಂತೇ ಇತ್ತು: ಆನ್-ಕಾಲ್ ಒಪ್ಪುವ ಮುನ್ನ ಓದಿ

ಆನ್-ಕಾಲ್ ಸರದಿ ನಿಮ್ಮ ಹೆಸರಿಗೆ ಬೀಳುವ ಮೊದಲು ಆ ತಂಡದ ಅಲರ್ಟ್ ರೂಲ್‌ಗಳನ್ನು ಒಮ್ಮೆ ತೆರೆದು ನೋಡಿ. ಸಿಪಿಯು ಶೇ. 80 ದಾಟಿತು, ಮೆಮೊರಿ ಶೇ. 85 ದಾಟಿತು ಅನ್ನುವ ಥರದವೇ ಸಾಲಾಗಿ ಕಂಡರೆ ಹುಷಾರಾಗಿ. ನಾನು ಹಿಂದೆ ಇದ್ದ ಕಂಪನಿಯಲ್ಲಿ (ಹೆಸರು ಬೇಡ, ಬಸ್ ಟಿಕೆಟ್ ಬುಕ್ ಮಾಡುವ ಆ್ಯಪ್ ಅಂದರೆ ಸಾಕು) ಇಂಥ ರೂಲ್‌ಗಳನ್ನೇ ನೆಚ್ಚಿಕೊಂಡಿದ್ದರು. ದೀಪಾವಳಿ ರಜೆಯ ಹಿಂದಿನ ಶುಕ್ರವಾರ ಸಂಜೆ, ಊರಿಗೆ ಹೊರಟವರೆಲ್ಲ ಟಿಕೆಟ್‌ಗೆ ಮುಗಿಬಿದ್ದ ಹೊತ್ತಿನಲ್ಲಿ, ಒಂದೂವರೆ ಗಂಟೆ ಬುಕಿಂಗ್ ಕೆಟ್ಟು ಕೂತಿತ್ತು. ಪೇಜರ್ ತೆಪ್ಪಗಿತ್ತು.

ಅದೇ ಪೇಜರ್ ರಾತ್ರಿ ಹೊತ್ತು ಮಾತ್ರ ಸುಮ್ಮನಿರುತ್ತಿರಲಿಲ್ಲ. ಎರಡು ಗಂಟೆಗೆ ಬ್ಯಾಕಪ್ ಶುರುವಾಗಿ ಲಾಗ್‌ಗಳೆಲ್ಲ ಕಂಪ್ರೆಸ್ ಆಗುವಾಗ ಸಿಪಿಯು ಏರುತ್ತಿತ್ತು, ಫೋನ್ ಬಡಿದುಕೊಳ್ಳುತ್ತಿತ್ತು. ಅರ್ಧ ಕಣ್ಣು ತೆರೆದು ಆ್ಯಕ್ ಒತ್ತಿ ಮಲಗುವುದು ಅಲ್ಲಿ ಎಲ್ಲರಿಗೂ ರೂಢಿ. ಸರದಿ ವಹಿಸಿಕೊಡುವಾಗ ನನಗೆ ಹೇಳಿದ್ದೂ ಅಷ್ಟೇ: "ಎರಡು ಗಂಟೆದು ತಲೆ ಕೆಡಿಸ್ಕೋಬೇಡಿ, ತಾನೇ ಸರಿಹೋಗತ್ತೆ." ತಾನೇ ಸರಿಹೋಗುವುದಕ್ಕೆ ಮನುಷ್ಯನನ್ನು ಯಾಕೆ ಎಬ್ಬಿಸಬೇಕು ಅಂತ ಮ್ಯಾನೇಜರನ್ನು ಕೇಳಿದ್ದಕ್ಕೆ "ಇರಲಿ ಬಿಡಿ, ಸೇಫ್ ಸೈಡ್‌ಗೆ" ಎಂಬ ಉತ್ತರ ಬಂತು.

ಆ ಶುಕ್ರವಾರ ಸಂಜೆ ಆರೂವರೆ ದಾಟಿದ ಮೇಲೆ ಸಿಪಿಯು ಅಲರ್ಟ್ ಬಂತು. ಹಬ್ಬದ ಟ್ರಾಫಿಕ್, ನಿರೀಕ್ಷಿಸಿದ್ದೇ. ಸ್ವಲ್ಪ ಹೊತ್ತಿಗೆ `RESOLVED` ಅಂತ ಇನ್ನೊಂದು ಮೆಸೇಜ್. ಚಾನೆಲ್‌ನಲ್ಲಿ ಯಾರೋ ಹೆಬ್ಬೆರಳೆತ್ತಿದರು. ಎಂಟು ಗಂಟೆ ದಾಟಿದ ಮೇಲೆ ಕಸ್ಟಮರ್ ಸಪೋರ್ಟ್‌ನಿಂದ ಫೋನ್: "ಸರ್, ದುಡ್ಡು ಕಟ್ ಆಗಿದೆ, ಟಿಕೆಟ್ ಬಂದಿಲ್ಲ ಅಂತ ಕಾಲ್ ಮೇಲೆ ಕಾಲ್. ನಿಮ್ ಕಡೆ ಏನಾದ್ರೂ ಕಾಣ್ತಿದ್ಯಾ?" ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು.

ಒಳಗೆ ಆದದ್ದು ಇದು. ಸೀಟು ಲಾಕ್ ಮಾಡಿ, ಡೇಟಾಬೇಸ್ ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡೇ ನಮ್ಮ ಸರ್ವಿಸ್ ಪೇಮೆಂಟ್ ಗೇಟ್‌ವೇಗೆ ಕರೆ ಮಾಡುತ್ತಿತ್ತು. ಒಂದೊಂದು ಸರ್ವರ್‌ಗೂ ಹಿಕಾರಿ ಪೂಲಿನ ಡೀಫಾಲ್ಟ್ ಆದ 10 ಕನೆಕ್ಷನ್. ಗೇಟ್‌ವೇ ಅರ್ಧ ಸೆಕೆಂಡಿನಲ್ಲಿ ಉತ್ತರಿಸುವಾಗ ಅಷ್ಟರಲ್ಲೇ ಸೆಕೆಂಡಿಗೆ 20 ಬುಕಿಂಗ್ ಸಾಗುತ್ತವೆ. ಆವತ್ತು ಅದು ಎಂಟು ಸೆಕೆಂಡು ತೆಗೆದುಕೊಳ್ಳತೊಡಗಿತು. ಸರ್ವರ್‌ಗೆ ಸೆಕೆಂಡಿಗೆ ಒಂದು ಬುಕಿಂಗ್ ಸಾಗಿದರೆ ಹೆಚ್ಚು. ಉಳಿದ ರಿಕ್ವೆಸ್ಟ್‌ಗಳೆಲ್ಲ ಕನೆಕ್ಷನ್ ಸಿಗಲಿ ಅಂತ ಕಾದು ಕೂತವು. ಕಾಯುವ ಥ್ರೆಡ್ ಸಿಪಿಯು ತಿನ್ನುವುದಿಲ್ಲ. ಹಾಗಾಗಿಯೇ ಸಿಪಿಯು ಇಳಿಯಿತು, ಅಲರ್ಟ್ ತಾನಾಗಿ ಮುಚ್ಚಿಕೊಂಡಿತು. ನಾವು ಹೆಬ್ಬೆರಳೆತ್ತಿದ್ದು ಸಿಸ್ಟಮ್ ಕೆಲಸ ನಿಲ್ಲಿಸಿದ್ದಕ್ಕೆ.

ನಿಜವಾಗಿ ಎಚ್ಚರಿಸಬೇಕಾದ ಮಾತು ಇನ್ನೊಂದಿದೆ. ನಮ್ಮಲ್ಲಿ 5xx ಅಲರ್ಟ್ ಕೂಡ ಇತ್ತು, ಅದೂ ಬಾಯಿ ಬಿಡಲಿಲ್ಲ. ಪೂಲ್ ಕನೆಕ್ಷನ್‌ಗಾಗಿ ಕಾಯುವ ಡೀಫಾಲ್ಟ್ ಮಿತಿ 30 ಸೆಕೆಂಡು. ಆಂಡ್ರಾಯ್ಡ್ ಆ್ಯಪಿನ `OkHttp` ಡೀಫಾಲ್ಟಾಗಿ 10 ಸೆಕೆಂಡಿಗೇ ಕೈಬಿಡುತ್ತದೆ. ಅಂದರೆ ಸರ್ವರ್ ಎರರ್ ಕೊಡುವ ಮೊದಲೇ ಗ್ರಾಹಕನ ಕಡೆಯಿಂದ ಸಂಪರ್ಕ ಕಡಿದಿರುತ್ತದೆ. ಅದನ್ನು ಎನ್‌ಜಿನ್‌ಎಕ್ಸ್ 500 ಅಂತಲೋ 504 ಅಂತಲೋ ಬರೆಯುವುದಿಲ್ಲ, `499` ಅಂತ ಬರೆಯುತ್ತದೆ: ಗ್ರಾಹಕನೇ ಎದ್ದು ಹೋದ ಅಂತ. ಲಾಗಿನಲ್ಲಿ ರಾಶಿ ರಾಶಿ 499 ಬಿದ್ದಿದ್ದವು, ಯಾರೂ ಎಣಿಸುತ್ತಿರಲಿಲ್ಲ. ಸಾಲದ್ದಕ್ಕೆ ಆ 5xx ಲೆಕ್ಕ ಇಡೀ ಸೈಟಿನದು. ಬಸ್ ಹುಡುಕುವ ರಿಕ್ವೆಸ್ಟ್‌ಗಳು ಬುಕಿಂಗ್‌ಗಿಂತ ಎಷ್ಟೋ ಪಟ್ಟು ಹೆಚ್ಚು, ಅವು ಕ್ಯಾಶ್‌ನಿಂದ ಚೆನ್ನಾಗಿಯೇ ಸಾಗುತ್ತಿದ್ದವು. ಒಂದೆರಡು 5xx ಇದ್ದರೂ ಆ ರಾಶಿಯಲ್ಲಿ ಮುಳುಗಿಹೋಗುತ್ತಿದ್ದವು.

ಆಮೇಲೆ ನಾವು ಕೂತು ಬದಲಿಸಿದ್ದು ಹೀಗೆ. ಬುಕಿಂಗ್ ದಾರಿಯನ್ನು ಬೇರೆಯಾಗಿ, ಲೋಡ್ ಬ್ಯಾಲೆನ್ಸರ್ ಹತ್ತಿರ ಅಳೆಯಬೇಕು. ಆ್ಯಪ್ ಸರ್ವರ್ ಸತ್ತುಬಿದ್ದರೆ ತನ್ನ ಎರರ್ ತಾನೇ ಎಣಿಸಲಾರದು, ಅದಕ್ಕೆ. ಐದು ಸೆಕೆಂಡಿನೊಳಗೆ ಸರಿಯಾದ ಉತ್ತರ ಹೋದರೆ ಮಾತ್ರ ಅದು ಒಳ್ಳೆಯದು. 5xx ಆಗಲಿ, ತಡವಾದ ಉತ್ತರವಾಗಲಿ, ಐದು ಸೆಕೆಂಡು ಕಾದು ಬೇಸತ್ತ 499 ಆಗಲಿ, ಎಲ್ಲವೂ ಕೆಟ್ಟದ್ದು. ಸೀಟು ಖಾಲಿ ಇಲ್ಲ, ಓಟಿಪಿ ತಪ್ಪು ಅನ್ನುವಂಥ 4xx ನಮ್ಮ ವೈಫಲ್ಯವಲ್ಲ, ಅವನ್ನು ಲೆಕ್ಕದಿಂದಲೇ ಬಿಡಬೇಕು.

ಮಿತಿ ಎಷ್ಟು? ಇಲ್ಲಿ ಕಣ್ಣಳತೆ ಬೇಡ. 30 ದಿನದಲ್ಲಿ ಶೇ. 99.9 ಬುಕಿಂಗ್ ಸರಿಯಾಗಬೇಕು ಅಂತ ಒಪ್ಪಿಕೊಂಡರೆ, ಕೆಡಲು ಉಳಿಯುವ ಬಜೆಟ್ ಶೇ. 0.1. ಪೂರ್ತಿ ಬಂದ್ ಆದ ಹೊತ್ತಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 43 ನಿಮಿಷ. ಆ ಬಜೆಟ್ಟಿನ ಶೇ. 2ರಷ್ಟು ಒಂದೇ ಗಂಟೆಯಲ್ಲಿ ಕರಗುವಂತಿದ್ದರೆ ಮನುಷ್ಯನನ್ನು ಎಬ್ಬಿಸಬೇಕು. ತಿಂಗಳಿಗೆ 720 ಗಂಟೆ, ಅದರ ಶೇ. 2 ಅಂದರೆ 14.4. ಬಜೆಟ್ ತಿಂಗಳಿಡೀ ಸರಿಯಾಗಿ ಸಾಲುವ ವೇಗದ 14.4 ಪಟ್ಟು, ಅಂದರೆ ಶೇ. 1.44 ಕೆಟ್ಟ ರಿಕ್ವೆಸ್ಟ್. ಗೂಗಲ್‌ನ ಎಸ್‌ಆರ್‌ಇ ಮಂದಿ ಬಳಕೆಗೆ ತಂದ ಲೆಕ್ಕ ಇದು.

```
booking:bad_ratio:rate1h > 0.0144
and
booking:bad_ratio:rate5m > 0.0144
```

ಎರಡು ಕಿಟಕಿ ಯಾಕೆ ಅಂದರೆ, ಒಂದು ಗಂಟೆಯದು ಒಂದರೆಗಳಿಗೆಯ ಏರುಪೇರಿಗೆ ಬೆಚ್ಚುವುದಿಲ್ಲ. ಆದರೆ ತೊಂದರೆ ಸರಿಹೋದ ಮೇಲೂ ಬಹಳ ಹೊತ್ತು ಮೇಲೆಯೇ ಇರುತ್ತದೆ. ಐದು ನಿಮಿಷದ್ದು ಬೇಗ ಇಳಿದು ಫೋನನ್ನು ಸುಮ್ಮನಾಗಿಸುತ್ತದೆ.

ಆವತ್ತಿನ ಡೇಟಾದ ಮೇಲೆ ಇದನ್ನು ಓಡಿಸಿ ನೋಡಿದೆವು. ಬುಕಿಂಗ್ ದಾರಿಯ ರಿಕ್ವೆಸ್ಟ್‌ಗಳಲ್ಲಿ ಸುಮಾರು ಶೇ. 40 ಕೆಡುತ್ತಿದ್ದವು. ಗಂಟೆಯ ಸರಾಸರಿ ಶೇ. 1.44 ಮುಟ್ಟಲು ಶೇ. 40ರ ವೇಗದಲ್ಲಿ ಎರಡು ನಿಮಿಷ ಸಾಕು. ಒಂದೂವರೆ ಗಂಟೆ ಆದಮೇಲೆ ಸಪೋರ್ಟ್‌ನವರು ಹೇಳಿದ್ದನ್ನು ಇದು ಎರಡು-ಮೂರು ನಿಮಿಷದಲ್ಲಿ ಹೇಳುತ್ತಿತ್ತು. ನಿಧಾನವಾಗಿ ಸೋರುವ ತೊಂದರೆಗೆ ಇನ್ನೊಂದು ರೂಲ್ ಹಾಕಿದೆವು: ಆರು ಗಂಟೆ ಮತ್ತು ಅರ್ಧ ಗಂಟೆಯ ಕಿಟಕಿ, ಮಿತಿ ಶೇ. 0.6.

ಇದರಲ್ಲೂ ಗುಂಡಿಗಳಿವೆ. ನಡುರಾತ್ರಿ ಗಂಟೆಗೆ ಐವತ್ತು ಬುಕಿಂಗ್ ಬರುವ ಕಡೆ ಒಂದೇ ಒಂದು ಕೆಟ್ಟರೂ ಶೇ. 2, ಫೋನ್ ಬಡಿಯುತ್ತದೆ. ಅದಕ್ಕೆ "ಕೆಟ್ಟವು ಕನಿಷ್ಠ ಹತ್ತಾದರೂ ಇರಬೇಕು" ಎಂಬ ಷರತ್ತು ಸೇರಿಸಿದೆವು. ಇನ್ನೊಂದು: ಟ್ರಾಫಿಕ್ಕೇ ಬರದಿದ್ದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಹಾಗೆ, ಪ್ರೊಮಿಥಿಯಸ್ `NaN` ಕೊಡುತ್ತದೆ, ಹೋಲಿಕೆ ಸುಳ್ಳಾಗುತ್ತದೆ. ಮೆಟ್ರಿಕ್ಕೇ ಕಾಣೆಯಾದರೆ ಉತ್ತರವೇ ಖಾಲಿ. ಎರಡರಲ್ಲೂ ಅಲರ್ಟ್ ಏಳುವುದಿಲ್ಲ, ಡ್ಯಾಶ್‌ಬೋರ್ಡ್ ಹಸಿರಾಗಿಯೇ ಕಾಣುತ್ತದೆ. ಮೆಟ್ರಿಕ್ ಕಾಣೆಯಾದದ್ದಕ್ಕೆ `absent()` ಇಟ್ಟು ಬೇರೆ ರೂಲ್ ಬೇಕು, ಹೊರಗಿನಿಂದ ನಿಮಿಷಕ್ಕೊಮ್ಮೆ ಟೆಸ್ಟ್ ಬುಕಿಂಗ್ ಮಾಡುವ ಪ್ರೋಬ್ ಇದ್ದರೆ ಎರಡಕ್ಕೂ ಆಗುತ್ತದೆ.

ಸಿಪಿಯು ಅಲರ್ಟ್‌ಗಳನ್ನು ಪೇಜರಿನಿಂದ ಕಿತ್ತು ಡ್ಯಾಶ್‌ಬೋರ್ಡಿಗೆ ಹಾಕಿದಾಗ ಒಬ್ಬಿಬ್ಬರು ಮುಖ ಸಿಂಡರಿಸಿದರು. ಒಂದನ್ನು ಮಾತ್ರ ಉಳಿಸಿಕೊಂಡೆವು, ಡಿಸ್ಕ್ ಇನ್ನು ನಾಲ್ಕು ಗಂಟೆಯಲ್ಲಿ ತುಂಬುತ್ತದೆ ಅನ್ನುವುದನ್ನು. ಡಿಸ್ಕ್ ತುಂಬಿದ ಮೇಲೆ ಎಬ್ಬಿಸಿದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಹೊಸ ತಂಡಕ್ಕೆ ಸೇರುತ್ತಿದ್ದರೆ ಕಳೆದ ತಿಂಗಳ ಪೇಜ್‌ಗಳ ಪಟ್ಟಿ ಕೇಳಿ. ಪ್ರತಿಯೊಂದರ ಮುಂದೆಯೂ ಆಗ ಯಾರು ಏನು ಮಾಡಿದರು ಅಂತ ಬರೆಸಿ. "ಆ್ಯಕ್ ಮಾಡಿದೆ" ಅನ್ನುವುದೇ ಹೆಚ್ಚಾಗಿದ್ದರೆ, ಅವನ್ನು ತೆಗೆಯುವವರೆಗೆ ಸರದಿ ಒಪ್ಪಬೇಡಿ.