ಒಂದೇ ವೆಬಿನಾರ್, ಎರಡು ಆಹ್ವಾನ: ಯಾವುದು ಸರಿಯಾದ ಜನರನ್ನು ಕರೆತಂದಿತು?

ಉದ್ದದ ಪಟ್ಟಿಯನ್ನು ಗುಂಪು ಗುಂಪಾಗಿ ಕೂಡಿಸಿ ತೋರಿಸುವ ಸ್ಪ್ರೆಡ್‌ಶೀಟ್‌ನ ಪಿವೋಟ್ ಟೇಬಲ್ ಬಗ್ಗೆ ನಾನೊಂದು ವೆಬಿನಾರ್ ಏರ್ಪಡಿಸಿದೆ. ಅದಕ್ಕೆ ಆಹ್ವಾನದ ಮೇಲ್ ಮತ್ತು ನೋಂದಣಿ ಪುಟವನ್ನು ಎರಡು ರೀತಿಯಲ್ಲಿ ಬರೆದು, ಮೇಲ್ ಪಟ್ಟಿಯ ಅರ್ಧ ಜನಕ್ಕೆ ಒಂದು, ಉಳಿದವರಿಗೆ ಇನ್ನೊಂದು ಕಳಿಸಿದೆ. ಕಳಿಸಿದ ಹೊತ್ತು ಒಂದೇ, ಫಾರಂ ಒಂದೇ. ಲಿಂಕ್ ಮಾತ್ರ ಬೇರೆ ಬೇರೆ. ಹಾಗಾಗಿ ಯಾರು ಯಾವುದನ್ನು ಓದಿ ಬಂದರು ಅಂತ ಗೊತ್ತಾಗುತ್ತಿತ್ತು.

ಮೊದಲನೆಯದರ ಸಬ್ಜೆಕ್ಟ್: "ಡೇಟಾ ವಿಶ್ಲೇಷಣೆಯ ಶಕ್ತಿ: ವಿಶೇಷ ವೆಬಿನಾರ್". ಒಳಗೆ ಡೇಟಾ ಎಷ್ಟು ಮುಖ್ಯ ಅಂತ ಒಂದು ಪ್ಯಾರಾ, ಹೇಳಿಕೊಡುವವರ ಪರಿಚಯ ಒಂದು ಪ್ಯಾರಾ. ಪಿವೋಟ್ ಟೇಬಲ್ ಅನ್ನುವ ಮಾತು ಬಂದಿದ್ದು ಮೂರನೇ ಪ್ಯಾರಾದಲ್ಲಿ.

ಎರಡನೆಯದರ ಸಬ್ಜೆಕ್ಟ್: "ಮಾರಾಟದ ಪಟ್ಟಿಯಿಂದ ತಿಂಗಳವಾರು ಮೊತ್ತ, ಫಾರ್ಮುಲಾ ಇಲ್ಲದೆ". ಒಳಗೆ ಮೂರೇ ವಾಕ್ಯ. ವೆಬಿನಾರ್ ಮುಗಿದಾಗ ನಿಮ್ಮ ಕೈಯಲ್ಲಿ ಏನು ಸಿದ್ಧವಾಗಿರುತ್ತದೆ, ಯಾರಿಗೆ ಇದು ಉಪಯೋಗ, ಎಷ್ಟು ಹೊತ್ತು.

ನೋಂದಣಿ ಜಾಸ್ತಿ ಬಂದಿದ್ದು ಮೊದಲನೆಯದಕ್ಕೆ. ಅಷ್ಟನ್ನೇ ನೋಡಿದ್ದರೆ ಅದೇ ಗೆದ್ದಿತು ಅಂದುಕೊಳ್ಳುತ್ತಿದ್ದೆ. ಆದರೆ ಫಾರಂನಲ್ಲಿ ಹೆಸರು, ಮೇಲ್ ಬಿಟ್ಟರೆ ಇನ್ನೊಂದು ಪ್ರಶ್ನೆ ಇತ್ತು: "ಇದರಿಂದ ನಿಮಗೆ ಯಾವ ಕೆಲಸ ಆಗಬೇಕು?" ಮೊದಲನೆಯದನ್ನು ಓದಿ ಬಂದವರು "ಡೇಟಾ ಕಲಿಯಬೇಕು", "ಪೈಥಾನ್ ಹೇಳಿಕೊಡ್ತೀರಾ?" ಅಂತ ಬರೆದಿದ್ದರು. ಎರಡನೆಯದರಿಂದ ಬಂದವರು "ತಿಂಗಳ ಜೊತೆ ಗ್ರಾಹಕರ ಪ್ರಕಾರವೂ ಕೂಡಿಸಬಹುದಾ?" ಅಂತ ಕೇಳಿದ್ದರು. ಇವರು ವಿಷಯ ಅರ್ಥ ಮಾಡಿಕೊಂಡೇ ಬಂದವರು ಅಲ್ವಾ? ವೆಬಿನಾರ್‌ನ ದಿನ ಮೊದಲ ಗುಂಪಿನವರೇ ಬೇಗ ಬೇಗ ಹೊರಟರು. ತಪ್ಪು ಅವರದಲ್ಲ. ನಾನು ಕೊಟ್ಟ ಮಾತೇ ಬೇರೆಯಾಗಿತ್ತು. ಸಣ್ಣ ಪಟ್ಟಿ ಇದ್ದಾಗ ಎಣಿಕೆಗಿಂತ ಈ ಉತ್ತರಗಳನ್ನೇ ನಾನು ನಂಬುತ್ತೇನೆ.

ಎರಡನೆಯದರಲ್ಲೂ ಒಂದು ಎಡವಟ್ಟಾಯಿತು. ಮೇಲ್ ತಿದ್ದಿದ್ದೆ, ಪುಟದ ತಲೆಬರಹ ತಿದ್ದಿರಲಿಲ್ಲ. ಲಿಂಕ್ ಒತ್ತಿದರೆ ಅಲ್ಲಿ ಮತ್ತೆ "ಡೇಟಾ ವಿಶ್ಲೇಷಣೆಯ ಶಕ್ತಿ"! ಒಬ್ಬರು "ಲಿಂಕ್ ತಪ್ಪಾಗಿದೆಯಾ?" ಅಂತ ಮೇಲ್ ಮಾಡಿದ ಮೇಲೆಯೇ ನನಗೆ ಗೊತ್ತಾಗಿದ್ದು. ಕೇಳದೆ ಸುಮ್ನೆ ಹೋದವರೂ ಇದ್ದಿರಬೇಕು. ಈಗ ಸಬ್ಜೆಕ್ಟ್‌ನ ವಾಕ್ಯವನ್ನೇ ಪುಟದ ತಲೆಬರಹವಾಗಿ ಹಾಕುತ್ತೇನೆ.

ಸಮಯದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಜೋರಾಗಿತ್ತು. ಮೊದಲನೆಯದರಲ್ಲಿ "ಸಂಜೆ 5ಕ್ಕೆ, ಸುಮಾರು 1 ಗಂಟೆ" ಅಂತಿತ್ತು. ಎರಡನೆಯದರ ಪುಟದಲ್ಲಿ ಬಿಡಿಸಿ ಬರೆದಿದ್ದೆ: "5ರಿಂದ 5:50. ಮೊದಲ 30 ನಿಮಿಷ ಮಾಡಿ ತೋರಿಸುತ್ತೇವೆ, ಉಳಿದ 20 ನಿಮಿಷ ಪ್ರಶ್ನೆಗಳಿಗೆ. 5:30ಕ್ಕೆ ಹೊರಟರೂ ಮುಖ್ಯ ಭಾಗ ತಪ್ಪುವುದಿಲ್ಲ." "ಎಷ್ಟು ಹೊತ್ತಿಗೆ ಮುಗಿಯುತ್ತೆ?", "ಅರ್ಧಕ್ಕೆ ಹೋಗಬಹುದಾ?" ಅನ್ನುವ ಮೇಲ್‌ಗಳು ಮೊದಲ ಗುಂಪಿನಿಂದ ಮಾತ್ರ ಬಂದವು. ಆದರೆ ಸೇರುವವರು ತಮ್ಮ ಕ್ಯಾಲೆಂಡರ್‌ಗೆ ಹಾಕಿಕೊಳ್ಳುವ ಫೈಲ್‌ನಲ್ಲಿ ಟೂಲ್ ತಾನಾಗಿಯೇ 1 ಗಂಟೆಯ ಅವಧಿ ಅಂತ ಹಾಕಿತ್ತು. ಪುಟ ಒಂದು ಹೇಳುತ್ತಿತ್ತು, ಕ್ಯಾಲೆಂಡರ್ ಇನ್ನೊಂದು. ಅದನ್ನು ತೆರೆದು ನೋಡಲೇಬೇಕು. ಬೇರೆ ದೇಶದಿಂದ ಸೇರುವವರಿದ್ದರೆ 5 ಗಂಟೆ ಎಲ್ಲಿಯದು ಅನ್ನುವುದೂ ಪಕ್ಕದಲ್ಲೇ ಇರಬೇಕು.

ಎರಡರಲ್ಲೂ ಬಿಟ್ಟುಹೋಗಿದ್ದು ತಯಾರಿಯ ಸಮಯ. ಅಭ್ಯಾಸದ ಫೈಲ್ ಇಳಿಸಿಕೊಳ್ಳಿ ಅನ್ನುವುದನ್ನು ನೋಂದಣಿ ಆದಮೇಲೆ ಹೋಗುವ ಮೇಲ್‌ನಲ್ಲಿ ಮಾತ್ರ ಬರೆದಿದ್ದೆ. ತುಂಬಾ ಜನ ಅದನ್ನು ತೆರೆದೇ ಇರಲಿಲ್ಲ. ಶುರುವಿನ 10 ನಿಮಿಷ ಫೈಲ್ ಹಂಚುವುದರಲ್ಲೇ ಹೋಯಿತು. ಸೇರುವವರು ಕೊಡಬೇಕಾದ ಸಮಯದಲ್ಲಿ ಇದೂ ಸೇರುತ್ತದೆ, ಆದ್ದರಿಂದ ಪುಟದಲ್ಲೇ ಕಾಣಬೇಕು.

ಮೊದಲನೆಯದು ಗೆದ್ದ ಒಂದು ಜಾಗವೂ ಇದೆ. ಎರಡನೆಯದರಲ್ಲಿ ಪರಿಚಯವನ್ನು ಪೂರ್ತಿ ಕಿತ್ತುಹಾಕಿದ್ದೆ. "ಹೇಳಿಕೊಡುವವರು ಯಾರು?" ಅಂತ ಕೆಲವರು ಕೇಳಿದರು. ಪ್ಯಾರಾ ಬೇಡ, ಆದರೆ ಒಂದು ಸಾಲು ಬೇಕು. ಇನ್ನೊಂದು ಮಾತು: ಇದು ಕೈಯಿಂದ ಮಾಡಿ ಕಲಿಯುವ ವೆಬಿನಾರ್. ನಾಲ್ಕು ಜನ ಕೂತು ಚರ್ಚೆ ಮಾಡುವ ಕಾರ್ಯಕ್ರಮವಾದರೆ, ಯಾರು ಮಾತಾಡುತ್ತಾರೆ ಅನ್ನುವುದನ್ನೇ ಮೇಲೆ ಹಾಕುತ್ತಿದ್ದೆ.

ಮುಂದಿನ ಸಲಕ್ಕೆ ಎರಡನೆಯದನ್ನೇ ಹೀಗೆ ತಿದ್ದಿಟ್ಟಿದ್ದೇನೆ. ಪುಟದಲ್ಲಿ ನೋಂದಣಿ ಬಟನ್‌ಗಿಂತ ಮೇಲೆ ಇರುವುದು ಇಷ್ಟೇ:

"ಮಾರಾಟದ ಪಟ್ಟಿಯಿಂದ ತಿಂಗಳವಾರು ಮೊತ್ತ, ಫಾರ್ಮುಲಾ ಇಲ್ಲದೆ. ತಾರೀಖು ಮತ್ತು ಮೊತ್ತದ ಕಾಲಂ ಇರುವ ಯಾವುದೇ ಪಟ್ಟಿಯಿಂದ ಪಿವೋಟ್ ಟೇಬಲ್ ಮಾಡುವುದನ್ನು ನಮ್ಮ ಜೊತೆಗೇ ಮಾಡಿ ಕಲಿಯುತ್ತೀರಿ. ಈಗಾಗಲೇ ಪಿವೋಟ್ ಟೇಬಲ್ ಬಳಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹೇಳಿಕೊಡುವವರು ದಿನವೂ ಇಂಥ ಲೆಕ್ಕ ಮಾಡುವವರು. ಫೈಲ್ ಇಳಿಸಿಕೊಳ್ಳಲು ಮೊದಲೇ 5 ನಿಮಿಷ, ಕಲಿಕೆ 30 ನಿಮಿಷ, ಪ್ರಶ್ನೆಗಳಿಗೆ 20 ನಿಮಿಷ."